ಕೊತಕೊತ ಯಾವಾಗ ಬರಬೇಕು?

ಪ್ರಶ್ನೆ: ಇಂಗ್ಲಿಷಿನ ಒಂದು ಚಿಕ್ಕ ವಿಜ್ಞಾನ ಕಥೆಯನ್ನು ಐದಾರು ವರ್ಷದ ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪಾತ್ರೆಯಲ್ಲಿ ನೀರು ಕಾದು, ಕುದಿದು, ಆವಿಯಾಗಿ, ಮತ್ತೆ ಹನಿಯಾಗುವುದೇ ಕಥೆ. ಮೂಲದ ತುಂಬ ಹಿಸ್, ಪಾಪ್, ಬಬಲ್, ಡ್ರಿಪ್ ಎಂಬ ಸದ್ದುಗಳಿವೆ, ವಾಕ್ಯಗಳು ನಾಲ್ಕೈದು ಪದಗಳನ್ನು ಮೀರುವುದಿಲ್ಲ. ನಾನೂ ಸದ್ದಿಗೆ ಸದ್ದು ಕೊಟ್ಟು, ವಾಕ್ಯಗಳನ್ನು ಚಿಕ್ಕದಾಗಿಯೇ ಇಟ್ಟಿದ್ದೇನೆ. ಆದರೂ ಓದಿಸಿ ನೋಡಿದಾಗ ನನ್ನ ಮಗಳು "ಇದು ಪಾಠ ಇದ್ದ ಹಾಗಿದೆ" ಎಂದಳು. ಕರಡನ್ನು ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಕರಡನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ವಾಕ್ಯಗಳ ಉದ್ದದಲ್ಲಿ ದೊಡ್ಡ ತೊಂದರೆಯಿಲ್ಲ. ತೊಂದರೆಯಿರುವುದು ಸದ್ದುಗಳ ಜಾಗದಲ್ಲಿ. ನೀವು ಇಂಗ್ಲಿಷಿನ ಪುಟದಲ್ಲಿ ಸದ್ದು ಕಂಡಲ್ಲೆಲ್ಲ ಕನ್ನಡದ ಒಂದು ಸದ್ದನ್ನು ತಂದು ಕೂರಿಸಿದ್ದೀರಿ, ಆದರೆ ಆ ಹೊತ್ತಿನಲ್ಲಿ ಪಾತ್ರೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳಿಕೊಂಡಂತೆ ಕಾಣುವುದಿಲ್ಲ. ಈ ಕಥೆಯಲ್ಲಿ ಸದ್ದು ಅಲಂಕಾರವಲ್ಲ. ನೀರು ಕಾಯುವಾಗ ಅದರ ಸದ್ದು ಹಂತಹಂತವಾಗಿ ಬದಲಾಗುತ್ತದೆ, ಆ ಬದಲಾವಣೆಯೇ ಇಲ್ಲಿನ ವಿಜ್ಞಾನ. ಸದ್ದು ಒಂದು ಪುಟ ಮುಂಚೆ ಬಂದರೂ ವಿಷಯ ತಪ್ಪುತ್ತದೆ.

ಆದ್ದರಿಂದ ಮೊದಲು ಪಾತ್ರೆಯ ಕಥೆಯನ್ನು ನಾವಿಬ್ಬರೂ ಒಂದೇ ಬಗೆಯಲ್ಲಿ ಕೇಳಿಸಿಕೊಳ್ಳೋಣ. ಒಲೆ ಹೊತ್ತಿಸಿದ ಮೇಲೆ ಮೊದಲು ಕಾಣುವುದು ಪಾತ್ರೆಯ ಒಳಗೋಡೆಗೆ ಅಂಟಿಕೊಂಡ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು. ತಣ್ಣೀರಿನಲ್ಲಿ ಕರಗಿದ್ದ ಗಾಳಿ ನೀರು ಬೆಚ್ಚಗಾದಂತೆ ಹೊರಬರುವುದರಿಂದ ಅವು ಹುಟ್ಟುತ್ತವೆ. ಇವುಗಳಿಗೆ ಹೇಳಿಕೊಳ್ಳುವಂಥ ಸದ್ದಿಲ್ಲ. ಮುಂದಿನ ಹಂತದಲ್ಲಿ, ನೀರು ಕುದಿಯುವುದಕ್ಕೆ ಸಾಕಷ್ಟು ಮುಂಚೆಯೇ, ಪಾತ್ರೆ ಹಾಡತೊಡಗುತ್ತದೆ. ಬೆಂಕಿಗೆ ಹತ್ತಿರವಿರುವ ತಳದ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಆ ಗುಳ್ಳೆ ಸ್ವಲ್ಪ ಮೇಲೇರುತ್ತಿದ್ದಂತೆ ಇನ್ನೂ ಅಷ್ಟು ಬಿಸಿಯಾಗದ ನೀರು ಎದುರಾಗುತ್ತದೆ, ಆಗ ಗುಳ್ಳೆಯೊಳಗಿನ ಆವಿ ತಟ್ಟನೆ ಮತ್ತೆ ನೀರಾಗಿ ಗುಳ್ಳೆ ಕುಸಿದುಬಿಡುತ್ತದೆ. ಹೀಗೆ ಸಾವಿರಾರು ಗುಳ್ಳೆಗಳು ಹುಟ್ಟಿ ಕುಸಿಯುವ ಸದ್ದೆಲ್ಲ ಕೂಡಿ ಒಂದು ಎಳೆದ ಸದ್ದಾಗಿ ನಮಗೆ ಕೇಳುತ್ತದೆ. ಇನ್ನಷ್ಟು ಹೊತ್ತಿಗೆ ಆ ಸದ್ದು ಇಳಿಯುತ್ತದೆ. ಮೇಲಿನವರೆಗೂ ನೀರು ಸಾಕಷ್ಟು ಬಿಸಿಯಾದ್ದರಿಂದ ಗುಳ್ಳೆಗಳು ನಡುದಾರಿಯಲ್ಲಿ ಕುಸಿಯದೆ ಮೇಲಕ್ಕೆ ಬಂದು ಒಡೆಯುತ್ತವೆ. ಈಗ ಮಾತ್ರ ನಾವು ನೀರು ಕುದಿಯಿತು ಎನ್ನುತ್ತೇವೆ. ಸಮುದ್ರಮಟ್ಟದಲ್ಲಿ ಇದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ. ಈ ಅಂಕಿ ಮಕ್ಕಳ ಪುಟಕ್ಕೆ ಬೇಕಿಲ್ಲ, ಅನುವಾದಕರಿಗೆ ಗೊತ್ತಿದ್ದರೆ ಸಾಕು.

ಈಗ ನಿಮ್ಮ ಕರಡಿನ ನಾಲ್ಕನೆಯ ಪುಟವನ್ನು ನೋಡಿ. ಅಲ್ಲಿ ನೀವು "ಕೊತಕೊತ! ಕೊತಕೊತ! ನೀರು ಬಿಸಿಯಾಗುತ್ತಿದೆ" ಎಂದು ಬರೆದಿದ್ದೀರಿ. ಮೂಲದಲ್ಲಿ ಅಲ್ಲಿರುವುದು ಹಿಸ್. ಕೊತಕೊತ ಎಂಬ ಪದವನ್ನು ಕನ್ನಡದ ಮಗು ಕುದಿಯುವ ನೀರಿನ ಜೊತೆಯಲ್ಲಿ ಮಾತ್ರ ಕೇಳಿರುತ್ತದೆ. ಅದನ್ನು ಇಲ್ಲಿ ಹೇಳಿದ ಕೂಡಲೇ ಮಗುವಿನ ಮನಸ್ಸಿನಲ್ಲಿ ನೀರು ಕುದಿದಾಯಿತು. ಆಮೇಲೆ ಏಳನೆಯ ಪುಟದಲ್ಲಿ ನೀರು ನಿಜವಾಗಿ ಕುದಿಯುವಾಗ ನಿಮ್ಮ ಕೈಯಲ್ಲಿ ಹೊಸ ಸದ್ದು ಉಳಿದಿಲ್ಲ. ಅದಕ್ಕಾಗಿಯೇ ನೀವು ಅಲ್ಲಿ "ನೀರು ಚೆನ್ನಾಗಿ ಕುದಿಯಲಾರಂಭಿಸಿತು" ಎಂಬ ಪಾಠದ ವಾಕ್ಯಕ್ಕೆ ಇಳಿದಿದ್ದೀರಿ. ನಿಮ್ಮ ಮಗಳ ಕಿವಿ ಹಿಡಿದದ್ದು ಇದನ್ನೇ ಎಂದು ನನಗನ್ನಿಸುತ್ತದೆ.

ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ನಾವು ಓದಿದ ಈ ಪದಗಳಿಗೆ ಕನ್ನಡದಲ್ಲಿ ಒಂದು ಗುಣವಿದೆ. ಅವು ತಮ್ಮ ಜೊತೆಗಾರ ಪದಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಳೆ ಜಿಟಿಜಿಟಿ ಎನ್ನುತ್ತದೆ ಅಥವಾ ಧೋ ಎಂದು ಸುರಿಯುತ್ತದೆ, ಕೆಂಡ ನಿಗಿನಿಗಿ ಎನ್ನುತ್ತದೆ, ತೊರೆ ಜುಳುಜುಳು ಹರಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಇಂಗ್ಲಿಷಿನ ಹಿಸ್ ಹಾವಿಗೂ ಸಲ್ಲುತ್ತದೆ, ಕಾಯುವ ನೀರಿಗೂ, ಚಕ್ರದಿಂದ ಸೋರುವ ಗಾಳಿಗೂ, ಕಾದ ಕಬ್ಬಿಣದ ಮೇಲೆ ಬಿದ್ದ ಹನಿಗೂ ಸಲ್ಲುತ್ತದೆ. ಕನ್ನಡದಲ್ಲಿ ಹಾವು ಬುಸ್ ಎನ್ನುತ್ತದೆ, ಕಾದ ಕಬ್ಬಿಣಕ್ಕೆ ನೀರು ತಾಗಿದರೆ ಚುರ್ ಎನ್ನುತ್ತದೆ. ಕಾಯುವ ನೀರಿನ ತೆಳುವಾದ, ಎಳೆದ ಹಾಡಿಗೆ ಇವೆರಡೂ ಒಗ್ಗುವುದಿಲ್ಲ. ನಾನಾಗಿದ್ದರೆ ಸುಂಯ್ ಎಂದು ಬರೆಯುತ್ತಿದ್ದೆ. ಗುಂಯ್ ಕೂಡ ನೆನಪಿಗೆ ಬರುತ್ತದೆ, ಆದರೆ ಅದರೊಡನೆ ದುಂಬಿಯೊಂದು ಹಾರಿ ಬರುತ್ತದೆ.

ಇದೇ ಕಾರಣಕ್ಕೆ ಎರಡನೆಯ ಪುಟದ "ಬೆಂಕಿ ಧಗಧಗ ಉರಿಯಿತು" ಎಂಬುದನ್ನೂ ತೆಗೆಯಿರಿ. ಧಗಧಗ ಎಂದರೆ ಮನೆಯೋ ಬಣವೆಯೋ ಹೊತ್ತಿ ಉರಿಯುವಂಥ ದೊಡ್ಡ ಬೆಂಕಿ. ಚಿತ್ರದಲ್ಲಿರುವುದು ಪಾತ್ರೆಯ ಕೆಳಗಿನ ಪುಟ್ಟ ನೀಲಿ ಉರಿ. ಮೂಲದಲ್ಲೂ ಆ ಪುಟದಲ್ಲಿ ಸದ್ದಿಲ್ಲ, ನೀವು ಉತ್ಸಾಹದಿಂದ ಸೇರಿಸಿದ್ದೀರಿ. ಮೊದಲ ಮೂರು ಪುಟಗಳು ಸುಮ್ಮನಿದ್ದರೆ ಮಾತ್ರ ನಾಲ್ಕನೆಯ ಪುಟದ ಸುಂಯ್ ಮಗುವಿಗೆ ಕೇಳಿಸುತ್ತದೆ.

ಇನ್ನು ಪಾಪ್. ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಯೋಚನೆ ಬೇಕಾದ ಪದ ಇದು, ಏಕೆಂದರೆ ಮೂಲದಲ್ಲಿ ಇದೊಂದೇ ಸದ್ದು ಎರಡು ಬೇರೆ ಘಟನೆಗಳಿಗೆ ಬಂದಿದೆ. ಐದನೆಯ ಪುಟದಲ್ಲಿ ಗುಳ್ಳೆ ನೀರಿನ ನಡುವೆಯೇ ಕುಸಿಯುತ್ತದೆ. ಏಳನೆಯ ಪುಟದಲ್ಲಿ ಗುಳ್ಳೆ ಮೇಲಕ್ಕೆ ಬಂದು ಒಡೆಯುತ್ತದೆ. ಒಂದು ಒಳಮುಖ, ಇನ್ನೊಂದು ಹೊರಮುಖ. ನೀವು ಎರಡೂ ಕಡೆ "ಟಪ್! ಗುಳ್ಳೆ ಒಡೆಯಿತು" ಎಂದಿದ್ದೀರಿ. ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಸೇರಿವೆ. ಮೊದಲನೆಯದು ಕ್ರಿಯಾಪದದ್ದು. ಒಡೆಯುವುದು ಎಂದರೆ ಒಳಗಿನದು ಹೊರಬರುವುದು. ಐದನೆಯ ಪುಟದ ಗುಳ್ಳೆಯಿಂದ ಏನೂ ಹೊರಬರುವುದಿಲ್ಲ, ಅದು ತನ್ನೊಳಗೇ ಇಲ್ಲವಾಗುತ್ತದೆ. ಇದಕ್ಕೆ ಮಕ್ಕಳಿಗೆ ಗೊತ್ತಿರುವ ಒಳ್ಳೆಯ ಪದ ಮುದುಡುವುದು. ಹೂ ಮುದುಡುತ್ತದೆ, ಮುಟ್ಟಿದರೆ ಮುನಿಯ ಗಿಡದ ಎಲೆ ಮುದುಡುತ್ತದೆ, ಇನ್ನೂ ಕಾಯದ ನೀರು ತಾಗಿ ಗುಳ್ಳೆ ಮುದುಡಿತು ಎಂದರೆ ಮಗು ಕೈಬೆರಳುಗಳನ್ನು ಮಡಿಸಿ ತೋರಿಸುತ್ತದೆ. ಕುಸಿಯಿತು ಎಂಬುದು ನನ್ನ ವಿವರಣೆಗೆ ಸರಿ, ಆದರೆ ಮಗುವಿನ ಮಟ್ಟಿಗೆ ಕುಸಿಯುವುದು ಗೋಡೆ.

ಎರಡನೆಯ ತಪ್ಪು ಟಪ್ ಎಂಬ ಸದ್ದಿನದು. ಟಪ್ ಎಂದರೆ ಕನ್ನಡದ ಕಿವಿಗೆ ಮೇಲಿನಿಂದ ಏನೋ ಕೆಳಕ್ಕೆ ಬಿತ್ತು, ಬಹುತೇಕ ಒಂದು ಹನಿ. ಗುಳ್ಳೆಯೋ ಕೆಳಗಿನಿಂದ ಮೇಲಕ್ಕೆ ಬರುವಂಥದ್ದು. ಅಷ್ಟೇ ಅಲ್ಲ, ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಮುಚ್ಚಳದಿಂದ ಹನಿ ಬೀಳುವಾಗ ಟಪ್ ಎಂಬ ಸದ್ದು ನಿಮಗೆ ಬೇಕೇಬೇಕು. ಅಲ್ಲಿಯವರೆಗೆ ಅದನ್ನು ಮುಟ್ಟದೆ ಕಾಯ್ದಿಡಿ. ಒಂದು ಪುಸ್ತಕದಲ್ಲಿ ಒಂದು ಸದ್ದು ಒಂದೇ ಘಟನೆಗೆ ಮೀಸಲಾಗಿರಬೇಕು ಎಂಬುದನ್ನು ನಾನು ಬಹಳ ಬಿಗಿಯಾಗಿ ಪಾಲಿಸುತ್ತೇನೆ. ಓದಲು ಬಾರದ ಮಗು ಸದ್ದನ್ನು ಕೇಳಿಯೇ ಪುಟವನ್ನು ಗುರುತಿಸುತ್ತದೆ.

ಹಾಗಾದರೆ ಗುಳ್ಳೆಗಳ ಸದ್ದು ಯಾವುದು? ಇಲ್ಲಿ ಕನ್ನಡ ನಿಮಗೆ ತುಂಬ ನೆರವಾಗುತ್ತದೆ. ನಮ್ಮ ಸದ್ದಿನ ಪದಗಳಲ್ಲಿ ಸಾಮಾನ್ಯವಾಗಿ ಇಕಾರ ಚಿಕ್ಕದನ್ನೂ ತೆಳುವಾದುದನ್ನೂ ಸೂಚಿಸುತ್ತದೆ, ಅಕಾರ ಅದಕ್ಕಿಂತ ದೊಡ್ಡದನ್ನು, ಉಕಾರ ದುಂಡಗಿನದನ್ನು ಅಥವಾ ನೀರಿನಂಥದ್ದನ್ನು ಸೂಚಿಸುತ್ತದೆ. ಪಿಟಿಪಿಟಿ ಮತ್ತು ಪಟಪಟ, ಚಿಟಿಚಿಟಿ ಮತ್ತು ಚಟಚಟ ಎಂದು ಗಟ್ಟಿಯಾಗಿ ಹೇಳಿ ನೋಡಿ. ಹಾಗೆಯೇ ಕಿಣಿಕಿಣಿ ಎನ್ನುವುದು ಗೆಜ್ಜೆ, ಗಣಗಣ ಎನ್ನುವುದು ದೊಡ್ಡ ಗಂಟೆ. ಕಕಾರ ಗಕಾರವಾದಾಗ ವಸ್ತುವೂ ದೊಡ್ಡದಾಯಿತು. ಪಾತ್ರೆಯೊಳಗೂ ಚಿಕ್ಕ ಗುಳ್ಳೆಯ ಸದ್ದು ಕೀಚಲು, ದೊಡ್ಡ ಗುಳ್ಳೆಯದು ದಪ್ಪ. ಆದ್ದರಿಂದ ತಳದಲ್ಲಿ ಹುಟ್ಟಿ ನಡುವೆಯೇ ಮುದುಡುವ ಪುಟಾಣಿ ಗುಳ್ಳೆಗೆ ಪಿಟ್ ಎಂದೂ, ಮೇಲೆ ಬಂದು ಒಡೆಯುವ ಗುಳ್ಳೆಗೆ ಪಟ್ ಎಂದೂ, ಸಾಲುಸಾಲಾಗಿ ಏಳುವ ದುಂಡು ಗುಳ್ಳೆಗಳಿಗೆ ಗುಳುಗುಳು ಎಂದೂ ಕೊಟ್ಟರೆ, ಸ್ವರ ಬದಲಾದಂತೆ ಗುಳ್ಳೆ ದೊಡ್ಡದಾಗುವುದನ್ನು ಮಗು ನಾಲಿಗೆಯಲ್ಲೇ ಅನುಭವಿಸುತ್ತದೆ. ಗುಳ್ಳೆಯೂ ಗುಳುಗುಳುವೂ ಕೂಡಿ ಬರುವ ಆಟ ಮೂಲದಲ್ಲಿಲ್ಲ. ಅದು ಕನ್ನಡದಲ್ಲಿ ತಾನಾಗಿ ಸಿಗುವ ಆಟ, ಅದನ್ನು ಬಿಡಬೇಡಿ.

ಒಂದು ಸದ್ದು ಒಮ್ಮೆ ಆಯಿತೋ, ಆಗುತ್ತಲೇ ಇದೆಯೋ ಎಂಬುದನ್ನೂ ಕನ್ನಡ ಪದದ ರೂಪದಲ್ಲೇ ಹೇಳಿಬಿಡುತ್ತದೆ. ಪಟ್ಟನೆ ಎಂದರೆ ಒಂದೇ ಸಲ, ಥಟ್ಟೆಂದು. ಪಟಪಟ ಎಂದರೆ ಒಂದರ ಹಿಂದೆ ಒಂದು. ನೀವು ಕರಡಿನಲ್ಲಿ "ಮೊದಲ ಗುಳ್ಳೆ ಪಟಪಟ ಎಂದು ಬಂತು" ಎಂದು ಬರೆದಿದ್ದೀರಿ. ಒಂದು ಗುಳ್ಳೆಗೆ ಪಟಪಟ ಹೊಂದುವುದಿಲ್ಲ. ಮೊದಲ ಗುಳ್ಳೆ ಪಟ್ಟನೆ ಒಡೆಯಲಿ, ಹತ್ತಾರು ಗುಳ್ಳೆಗಳು ಬಂದ ಮೇಲೆ ಪಟಪಟ ಬರಲಿ. ಒಂದು, ಎರಡು, ಹಲವು ಎಂದು ಎಣಿಸಿ ಹೇಳುವ ವಾಕ್ಯವೇ ಆಗ ಬೇಕಾಗುವುದಿಲ್ಲ.

ವಾಕ್ಯದಲ್ಲಿ ಸದ್ದನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೆ ನನ್ನದು ಸರಳ ಅಭ್ಯಾಸ. ಸದ್ದು ಮೊದಲು, ಕಾರಣ ಆಮೇಲೆ. "ಗುಳ್ಳೆಯು ಪಟ್ ಎಂಬ ಶಬ್ದದೊಂದಿಗೆ ಒಡೆಯಿತು" ಎಂದು ನೀವು ಒಂದು ಕಡೆ ಬರೆದಿದ್ದೀರಿ. ಶಬ್ದದೊಂದಿಗೆ ಎಂಬ ಪದ ಬಂದ ಕೂಡಲೇ ಸದ್ದು ಸತ್ತು ಅದರ ವರದಿ ಉಳಿಯುತ್ತದೆ. "ಪಟ್! ಗುಳ್ಳೆ ಒಡೆಯಿತು" ಅಥವಾ "ಗುಳ್ಳೆ ಪಟ್ಟನೆ ಒಡೆಯಿತು" ಎರಡೂ ಸರಿ. ಮೊದಲನೆಯದು ಮಗು ತಾನೇ ಕೂಗಲು, ಎರಡನೆಯದು ಓದಿ ಹೇಳುವವರಿಗೆ. ಸದ್ದಿನ ಕಾಗುಣಿತವನ್ನು ಮಾತ್ರ ಪುಸ್ತಕದುದ್ದಕ್ಕೂ ಒಂದೇ ರೀತಿ ಇಡಿ. ಒಂದು ಪುಟದಲ್ಲಿ ಗುಳು ಗುಳು, ಇನ್ನೊಂದರಲ್ಲಿ ಗುಳುಗುಳು, ಮತ್ತೊಂದರಲ್ಲಿ ಗುಳ್ ಗುಳ್ ಇದ್ದರೆ ಈಗತಾನೇ ಓದಲು ಕಲಿತ ಮಗುವಿಗೆ ಅವು ಮೂರು ಬೇರೆ ಪದಗಳು. ಹಾಗೆಯೇ ಪ್ಲಿಪ್, ಪ್ಲಾಪ್ ಎಂಬ ಎರಡು ಸದ್ದುಗಳನ್ನು ನೀವು ಮೂಲದಿಂದ ಹಾಗೇ ಎತ್ತಿ ತಂದಿದ್ದೀರಿ. ಆರಂಭದಲ್ಲೇ ಒತ್ತಕ್ಷರ ಹೊತ್ತ ಸದ್ದು ಕನ್ನಡದ ಬಾಯಿಗೆ ಆಟವಾಗುವುದಿಲ್ಲ, ಅಡ್ಡಿಯಾಗುತ್ತದೆ.

ಈಗ ವಾಕ್ಯಗಳಿಗೆ ಬರುತ್ತೇನೆ. ನೀವು ಪದಗಳನ್ನು ಎಣಿಸಿ ವಾಕ್ಯವನ್ನು ಚಿಕ್ಕದಾಗಿಸಿದ್ದೀರಿ. ಇಂಗ್ಲಿಷಿನಲ್ಲಿ ಆ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ, ಕನ್ನಡದಲ್ಲಿ ಮೋಸ ಮಾಡುತ್ತದೆ. "ಬಿಸಿಮಾಡಲ್ಪಟ್ಟದ್ದರಿಂದ ಗುಳ್ಳೆಗಳುಂಟಾದವು" ಎಂಬುದು ನಿಮ್ಮ ಕರಡಿನ ವಾಕ್ಯ. ಎಣಿಸಿದರೆ ಎರಡೇ ಪದ, ಆದರೆ ಐದು ವರ್ಷದ ಮಗು ಮೊದಲ ಪದದ ನಡುವೆಯೇ ಉಸಿರು ಬಿಡುತ್ತದೆ. ಪದಗಳ ಬದಲು ಘಟನೆಗಳನ್ನು ಎಣಿಸಿ. ಒಂದು ವಾಕ್ಯದಲ್ಲಿ ಒಂದು ಘಟನೆ, ಹೆಚ್ಚೆಂದರೆ ಎರಡು. "ತಳ ಬಿಸಿಯಾಯಿತು. ಗುಳ್ಳೆ ಬಂತು." ಕಾರಣವನ್ನು ಹೇಳುವ ಆದ್ದರಿಂದ, ಏಕೆಂದರೆ ಎಂಬ ಕೊಂಡಿಗಳು ಇಲ್ಲದಿದ್ದರೂ ಒಂದರ ಬೆನ್ನಿಗೆ ಇನ್ನೊಂದು ನಿಂತಾಗ ಮಗು ಕಾರಣವನ್ನು ತಾನೇ ಜೋಡಿಸಿಕೊಳ್ಳುತ್ತದೆ.

ಎರಡು ಘಟನೆಗಳನ್ನು ಹೆಣೆಯಬೇಕಾದಾಗ ನಮ್ಮ ಮಾತಿನಲ್ಲೇ ಇರುವ ದಾರಿ ಹಿಡಿಯಿರಿ. ಬಂದು, ಎದ್ದು, ಅಂಟಿ, ಹೋಗಿ ಎಂಬ ರೂಪಗಳು ಮಕ್ಕಳ ಮಾತಿನಲ್ಲಿ ಮೂರನೆಯ ವರ್ಷಕ್ಕೆಲ್ಲ ಓಡಾಡುತ್ತಿರುತ್ತವೆ. "ಗುಳ್ಳೆ ಮೇಲೆ ಬಂದು ಒಡೆಯಿತು" ಎಂಬುದು ಮಗುವಿಗೆ ಎರಡು ವಾಕ್ಯಗಳಷ್ಟೇ ಸುಲಭ, ಓಟವೂ ಇದೆ. ಕಷ್ಟವಾಗುವುದು ಹೆಸರಿನ ಮುಂದೆ ಉದ್ದನೆಯ ವಿಶೇಷಣ ಪೇರಿಸಿದಾಗ. "ತಳದಲ್ಲಿ ಹುಟ್ಟಿ ಮೇಲಕ್ಕೆ ಏರುತ್ತಿದ್ದ ಪುಟ್ಟ ಗುಳ್ಳೆಯು" ಎಂದು ಶುರುವಾದರೆ ಯಾರ ವಿಷಯ ಎಂದು ತಿಳಿಯಲು ಮಗು ಆರನೆಯ ಪದದವರೆಗೆ ಕಾಯಬೇಕು. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು ವಿವರ ಆಮೇಲೆ ಬರುವುದರಿಂದ ಮೂಲದಲ್ಲಿ ಅದು ಭಾರವಾಗಿ ಕಾಣುವುದಿಲ್ಲ. ಅನುವಾದದಲ್ಲಿ ಅದನ್ನು ಬಿಡಿಸಿ ಎರಡು ಮೂರು ವಾಕ್ಯ ಮಾಡುವುದೇ ಸರಿ. ವಾಕ್ಯಗಳ ಸಂಖ್ಯೆ ಮೂಲಕ್ಕಿಂತ ಹೆಚ್ಚಾದರೆ ಚಿಂತೆಯಿಲ್ಲ.

"ಅದು" ಎಂಬ ಪದ ನಿಮ್ಮ ಕರಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿದೆ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಬೇಕೇಬೇಕು, ನಮಗೆ ಬೇಕಿಲ್ಲ. "ಗುಳ್ಳೆ ಹುಟ್ಟಿತು. ಅದು ಮೇಲೆ ಹೋಯಿತು. ಅದು ಒಡೆಯಿತು" ಎಂಬಲ್ಲಿ ಎರಡು ಅದುಗಳನ್ನೂ ತೆಗೆದು ಓದಿ. "ಗುಳ್ಳೆ ಹುಟ್ಟಿತು. ಮೇಲೆ ಹೋಯಿತು. ಒಡೆಯಿತು." ಕಥೆ ತಾನಾಗಿ ಓಡತೊಡಗಿತು. ಯಾರೆಂದು ಗೊಂದಲವಾಗುವ ಕಡೆ ಅದು ಎನ್ನುವ ಬದಲು ಗುಳ್ಳೆ ಎಂಬ ಹೆಸರನ್ನೇ ಮತ್ತೆ ಹೇಳಿ. ದೊಡ್ಡವರ ಬರಹದಲ್ಲಿ ದೋಷವಾದ ಪುನರುಕ್ತಿ ಇಲ್ಲಿ ಊರುಗೋಲು.

ಕಾಲದ ವಿಷಯದಲ್ಲಿ ನೀವು ಮೂಲವನ್ನು ಅನುಸರಿಸಿ ಹಲವು ಕಡೆ ವರ್ತಮಾನ ಬಳಸಿದ್ದೀರಿ. ಬಿಸಿಯಾಗುತ್ತದೆ, ಒಡೆಯುತ್ತದೆ, ಹೋಗುತ್ತದೆ ಎಂದು ಸಾಲುಸಾಲಾಗಿ ವಾಕ್ಯಗಳು ಒಂದೇ ಬಾಲ ಹೊತ್ತು ಬಂದಾಗ ಪಾಠದ ದನಿ ಬಾರದೆ ಇರುವುದಿಲ್ಲ, ಏಕೆಂದರೆ ನಮ್ಮ ಪಠ್ಯಪುಸ್ತಕಗಳು ಸಾಮಾನ್ಯ ಸತ್ಯಗಳನ್ನು ಹೇಳುವುದು ಆ ರೂಪದಲ್ಲೇ. ಇಡೀ ಕಥೆಯನ್ನು ಭೂತಕಾಲಕ್ಕೆ ತನ್ನಿ. ಬಂತು, ಹೋಯಿತು, ಒಡೆಯಿತು. ಕಥೆ ಮುಗಿದ ಮೇಲೆ ದೊಡ್ಡವರಿಗಾಗಿ ಇರುವ ವಿವರಣೆಯ ಪುಟದಲ್ಲಿ ಮಾತ್ರ ವರ್ತಮಾನ ಉಳಿಯಲಿ.

ಇನ್ನು ವಿಷಯವೇ ಕೆಟ್ಟಿರುವ ಎರಡು ಕಡೆಗಳಿವೆ, ಇವನ್ನು ಅಚ್ಚಿಗೆ ಕೊಡುವ ಮೊದಲು ತಿದ್ದಲೇಬೇಕು. ಏಳನೆಯ ಪುಟದಲ್ಲಿ ನೀವು "ಗಾಳಿಗುಳ್ಳೆ" ಎಂದಿದ್ದೀರಿ. ಮೂರನೆಯ ಪುಟದಲ್ಲಿ ಗೋಡೆಗೆ ಅಂಟಿದ ಪುಟ್ಟ ಗುಳ್ಳೆಗಳಲ್ಲಿ ಇರುವುದು ಬಹುಪಾಲು ಗಾಳಿಯೇ, ಆದರೆ ಕುದಿಯುವ ನೀರಿನ ದೊಡ್ಡ ಗುಳ್ಳೆಯೊಳಗೆ ಇರುವುದು ನೀರೇ ಆವಿಯಾಗಿ ನಿಂತ ರೂಪ. ಎಷ್ಟೋ ದೊಡ್ಡವರೂ ಅದು ಗಾಳಿಯೆಂದೇ ತಿಳಿದಿರುತ್ತಾರೆ. ಈ ಒಂದು ಪದದಿಂದ ಇಡೀ ಪುಸ್ತಕದ ಹುರುಳು ಹೋಗುತ್ತದೆ, ಏಕೆಂದರೆ ನೀರು ರೂಪ ಬದಲಿಸಿತು ಎಂಬುದೇ ಕಥೆ. ಬರೀ ಗುಳ್ಳೆ ಎನ್ನಿ, ಆಮೇಲೆ ಒಂದು ಪುಟ್ಟ ಪ್ರಶ್ನೆ ಹಾಕಿ: "ಗುಳ್ಳೆಯೊಳಗೆ ಯಾರು? ನೀರೇ! ನೀರು ಆವಿಯಾಗಿತ್ತು."

ಎರಡನೆಯದು ಎಂಟನೆಯ ಪುಟದ "ಬುಸ್ ಬುಸ್ ಎಂದು ಹೊಗೆ ಬಂತು" ಎಂಬ ವಾಕ್ಯ. ಮಕ್ಕಳು ಹಾಗೆ ಹೇಳುತ್ತಾರೆ ಎಂಬುದು ನಿಜ. ನಾನೂ ಹಿಂದೆ ಒಂದು ಪುಸ್ತಕದಲ್ಲಿ ಹೊಗೆ ಎಂದೇ ಬರೆದಿದ್ದೆ, ಅಚ್ಚಾಗಿ ಬಂದ ಮೇಲೆ ಒಂದು ಮಗು "ನೀರು ಸುಟ್ಟುಹೋಯಿತಾ?" ಎಂದು ಕೇಳಿದಾಗ ನನ್ನ ತಪ್ಪು ತಿಳಿಯಿತು. ಹೊಗೆ ಎಂದರೆ ಏನೋ ಉರಿದಿದೆ ಎಂದರ್ಥ. ಇಲ್ಲಿ ಏನೂ ಉರಿಯುತ್ತಿಲ್ಲ. ಕನ್ನಡದಲ್ಲಿ ನಮಗೆ ಆವಿ, ಹಬೆ ಎಂದು ಎರಡು ಪದಗಳಿವೆ, ಮೂಲದಲ್ಲಿ ಎರಡಕ್ಕೂ ಒಂದೇ ಪದ ಬಂದಿದೆ. ನೀರಿನಿಂದ ಎದ್ದ ಆವಿ ಕಣ್ಣಿಗೆ ಕಾಣುವುದಿಲ್ಲ. ಮೇಲಿನ ತಂಪು ಗಾಳಿಗೆ ತಾಗಿ ಅತಿ ಸಣ್ಣ ಹನಿಗಳಾದಾಗ ಮಾತ್ರ ಬಿಳಿಯಾಗಿ ಕಾಣುತ್ತದೆ. ದಿನದ ಮಾತಿನಲ್ಲಿ ನಾವು ಎರಡು ಪದಗಳನ್ನೂ ಬೆರೆಸಿ ಬಳಸುತ್ತೇವೆ, ಆದರೆ ಈ ಪುಸ್ತಕದ ಮಟ್ಟಿಗೆ ಕಾಣದ್ದು ಆವಿ, ಕಾಣುವುದು ಹಬೆ ಎಂದು ಗೊತ್ತುಮಾಡಿಕೊಂಡು ಕೊನೆಯವರೆಗೂ ಹಾಗೆಯೇ ನಡೆಸಿ. ಮೂಲದಲ್ಲಿ ಮಸುಕಾಗಿದ್ದ ಒಂದು ವ್ಯತ್ಯಾಸ ಕನ್ನಡದಲ್ಲಿ ಸ್ಪಷ್ಟವಾಗುತ್ತದೆ.

ಆ ಪುಟದಲ್ಲಿ ಸದ್ದೂ ಬೇಡ. ಆವಿ ಬುಸ್ ಎನ್ನುವುದು ಕಿರಿದಾದ ಕಂಡಿಯಿಂದ ಒತ್ತಡದಲ್ಲಿ ಹೊರನುಗ್ಗಿದಾಗ. ಬಾಯಿ ತೆರೆದ ಪಾತ್ರೆಯಿಂದ ಆವಿ ಸದ್ದಿಲ್ಲದೆ ಏಳುತ್ತದೆ. ಅಷ್ಟು ಹೊತ್ತು ಕೊತಕೊತ ಎಂದು ಕೂಗಿದ ಮಗುವಿಗೆ ಒಂದು ಪುಟ ಸುಮ್ಮನಿದ್ದಾಗ ಕಾಣದ ಆವಿಯ ವಿಷಯ ಹೆಚ್ಚು ನಾಟುತ್ತದೆ.

ಇಷ್ಟನ್ನೂ ಸೇರಿಸಿ ನಿಮ್ಮ ಪುಸ್ತಕದ ನಡುವಿನ ಪುಟಗಳನ್ನು ನಾನು ಹೀಗೆ ಬರೆದು ನೋಡಿದೆ. ನಾಲ್ಕನೆಯ ಪುಟ: "ಸುಂಯ್… ಯಾರು ಹಾಡಿದರು? ಪಾತ್ರೆ ಹಾಡಿತು." ಐದನೆಯ ಪುಟ: "ತಳದಲ್ಲಿ ಗುಳ್ಳೆ ಹುಟ್ಟಿತು. ಮೇಲೆ ಹೊರಟಿತು. ಮೇಲಿನ ನೀರು ಇನ್ನೂ ಕಾದಿರಲಿಲ್ಲ. ಪಿಟ್! ಗುಳ್ಳೆ ಮುದುಡಿತು." ಆರನೆಯ ಪುಟ: "ಇನ್ನೊಂದು ಹುಟ್ಟಿತು. ಪಿಟ್! ಮತ್ತೊಂದು ಹುಟ್ಟಿತು. ಪಿಟ್! ನೀರು ಕಾದಿತು. ಇನ್ನೂ ಕಾದಿತು. ಪಾತ್ರೆಯ ಹಾಡು ಇಳಿಯಿತು." ಏಳನೆಯ ಪುಟ: "ಈಗ ಒಂದು ಗುಳ್ಳೆ ಮೇಲೆ ಬಂತು. ಪಟ್ಟನೆ ಒಡೆಯಿತು. ಗುಳುಗುಳು, ಗುಳುಗುಳು! ಗುಳ್ಳೆಗಳ ಸಾಲೇ ಬಂತು. ಪಟಪಟ ಒಡೆಯಿತು. ಕೊತಕೊತ! ಕೊತಕೊತ! ನೀರು ಕುದಿಯಿತು." ಐದನೆಯ ಪುಟದಲ್ಲಿ ಮೇಲಿನ ನೀರು ತಣ್ಣಗಿತ್ತು ಎನ್ನದೆ ಇನ್ನೂ ಕಾದಿರಲಿಲ್ಲ ಎಂದದ್ದಕ್ಕೆ ಕಾರಣವಿದೆ. ಆ ನೀರು ಕೈ ಸುಡುವಷ್ಟು ಬಿಸಿಯೇ, ಕುದಿಯುವಷ್ಟು ಆಗಿರುವುದಿಲ್ಲ ಅಷ್ಟೇ. ತಣ್ಣಗಿತ್ತು ಎಂದು ಓದಿದ ಮಗು ಬೆರಳಿಟ್ಟು ನೋಡಬಾರದು.

ಮೂಲದಲ್ಲಿ ಸಾಲಿನ ಕೊನೆಗೆ ಬರುವ ಪ್ರಾಸವನ್ನು ತರಲು ನೀವು ಕೆಲವು ಕಡೆ ಹೆಣಗಿದ್ದೀರಿ. ಅದನ್ನು ಕೈಬಿಡಿ. ಹಾಡು, ನೋಡು ಎಂಬಂತೆ ಎರಡನೆಯ ಅಕ್ಷರ ಕೂಡಿದರೂ ಕನ್ನಡದ ಕಿವಿಗೆ ತೃಪ್ತಿಯಾಗುತ್ತದೆ, ಸದ್ದುಗಳು ಮರಳಿ ಮರಳಿ ಬರುವಾಗ ಅದೂ ಬೇಕಾಗುವುದಿಲ್ಲ.

ತಿದ್ದಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಕಥೆಯನ್ನು ಒಮ್ಮೆ ಓದಿ ಹೇಳಿದ ಬಳಿಕ ಚಿತ್ರಗಳನ್ನು ಕಲಸಿ ಹರಡಿ, ವಾಕ್ಯಗಳನ್ನು ಬಿಟ್ಟು ಸದ್ದುಗಳನ್ನು ಮಾತ್ರ ಹೇಳಿ: ಸುಂಯ್, ಪಿಟ್, ಗುಳುಗುಳು, ಕೊತಕೊತ, ಟಪ್. ಮಗು ಯಾವ ಚಿತ್ರದ ಮೇಲೆ ಕೈಯಿಡುತ್ತದೆ ನೋಡಿ. ಒಂದು ಸದ್ದಿಗೆ ಎರಡು ಚಿತ್ರಗಳ ನಡುವೆ ಕೈ ತಡಕಾಡಿದರೆ ಆ ಸದ್ದನ್ನು ಬದಲಿಸಬೇಕು. ನಿಮ್ಮ ಮಗಳು ಕಥೆಯನ್ನು ಈಗಾಗಲೇ ಕೇಳಿರುವುದರಿಂದ ಹೊಸದಾಗಿ ಕೇಳುವ ಮಗುವೊಂದನ್ನು ಕೂರಿಸಿಕೊಳ್ಳಿ. ಆಮೇಲೆ ಕರಡನ್ನು ಮೊದಲು ನೋಡಿರದ ಒಬ್ಬ ದೊಡ್ಡವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನ ಗುರುತು ಹಾಕಿ. ಸುಂಯ್ ಎಂಬಲ್ಲಿ ಕೆಲವರು ಎಡವಬಹುದು, ಸೊನ್ನೆ ಮತ್ತು ಅರ್ಧಾಕ್ಷರ ಎರಡೂ ಅದರಲ್ಲಿವೆ. ದೊಡ್ಡವರು ಓದಿ ಹೇಳುವ ಪುಸ್ತಕವಾದರೆ ಹಾಗೇ ಇರಲಿ. ಮಗು ತಾನೇ ಓದಬೇಕಾದ ಪುಸ್ತಕವಾದರೆ ಸುಯಿ ಎಂದು ಬರೆದು ನೋಡಿ, ಅಂಥದ್ದೇ ತೆಳು ಸದ್ದು, ಅಕ್ಷರಗಳು ಹಗುರ. ಕೊನೆಗೆ ಮಗುವನ್ನು ಒಂದೇ ಪ್ರಶ್ನೆ ಕೇಳಿ: ದೊಡ್ಡ ಗುಳ್ಳೆಯೊಳಗೆ ಏನಿತ್ತು? ಗಾಳಿ ಎಂದರೆ ಏಳನೆಯ ಪುಟ ಇನ್ನೂ ಸರಿಯಾಗಿಲ್ಲ.

ಕೊನೆಯ ಪುಟದಲ್ಲಿ ನೀವು "ಆವಿಯು ಸಾಂದ್ರೀಕರಣಗೊಂಡು ಮತ್ತೆ ನೀರಾಯಿತು" ಎಂದಿದ್ದೀರಿ. ಸಾಂದ್ರೀಕರಣ ಎಂಬ ಪದವನ್ನು ವಿವರಣೆಯ ಪುಟಕ್ಕೆ ಕಳಿಸಿ, ಅಲ್ಲಿ ಅದು ಬೇಕು. ಕಥೆಯ ಪುಟಕ್ಕೆ ನೀವು ಇಷ್ಟು ಹೊತ್ತು ಕಾಯ್ದಿಟ್ಟ ಸದ್ದನ್ನು ಈಗ ತನ್ನಿ: "ಪಾತ್ರೆಗೆ ಮುಚ್ಚಳ ಬಂತು. ಮುಚ್ಚಳ ತಣ್ಣಗಿತ್ತು. ಆವಿ ಬಂದು ತಾಗಿತು. ಆವಿ ಹನಿಯಾಯಿತು. ಹನಿ ದೊಡ್ಡದಾಯಿತು. ಟಪ್!"